ಯಕ್ಷಗಾನ ಮುಂದೂಡುವಾಗ: ಪ್ರಕಟಣೆ ಹೇಗಿರಬೇಕು, ಟಿಕೆಟ್ ಹಣ ಹೇಗೆ ವಾಪಸ್ ಕೊಡಬೇಕು?

ಪ್ರಶ್ನೆ: ನಮ್ಮದು ಕುಂದಾಪುರ ತಾಲೂಕಿನ ಒಂದು ಯುವಕ ಮಂಡಲ. ಇದೇ ನವೆಂಬರ್ 14ರ ಶನಿವಾರ ಶಾಲೆ ಮೈದಾನದಲ್ಲಿ ಟಿಕೆಟ್ ಇಟ್ಟು ಕಾಲಮಿತಿ ಯಕ್ಷಗಾನ ಇಟ್ಟುಕೊಂಡಿದ್ದೆವು. ಮಳೆಗೆ ಮೈದಾನದಲ್ಲಿ ನೀರು ನಿಂತಿದೆ, ಶನಿವಾರಕ್ಕೂ ಆರೆಂಜ್ ಅಲರ್ಟ್ ಇದೆ. ಡಿಸೆಂಬರ್ 12ಕ್ಕೆ ಮುಂದೂಡೋಣ ಅಂತಿದ್ದೇವೆ. ಇದರ ಮಧ್ಯೆ ಭಾಗವತರ ಗಂಟಲು ಸರಿಯಿಲ್ಲ, ಹೊಸ ದಿನಕ್ಕೆ ಅವರು ಬರುವುದು ಖಾತ್ರಿಯಿಲ್ಲ. 300 ರೂಪಾಯಿಯ 380 ಟಿಕೆಟ್ ಹೋಗಿವೆ: ಕೆಲವು ಆನ್‌ಲೈನ್, ಕೆಲವು ಖಜಾಂಚಿ ಫೋನಿಗೆ ಯುಪಿಐ, ಉಳಿದದ್ದು ಅಂಗಡಿಗಳಲ್ಲಿ ನಗದು. 60 ಸಾವಿರ ಮುಂಗಡ ಆಗಲೇ ಕೊಟ್ಟಾಗಿದೆ. ಪ್ರಕಟಣೆ ಹೇಗೆ ಬರೆಯಬೇಕು? ಹಣ ಹೇಗೆ ವಾಪಸ್ ಕೊಡಬೇಕು?

ಉತ್ತರ: ನೀವು ಬರೆದಿರುವುದು ಬುಧವಾರ. ಶನಿವಾರದ ಆಟಕ್ಕೆ ಇನ್ನೂ ಮೂರು ದಿನ ಇದೆ ಅನ್ನಿಸಬಹುದು. ನಿಜವಾಗಿ ನಿಮಗಿರುವುದು ಗುರುವಾರ ಸಂಜೆಯವರೆಗೆ ಮಾತ್ರ. ಬೆಂಗಳೂರಿನಲ್ಲಿರುವ ನಿಮ್ಮೂರಿನವರು ಶುಕ್ರವಾರ ರಾತ್ರಿ ಬಸ್ ಹತ್ತುತ್ತಾರೆ. ಆಟ ಇಲ್ಲ ಅನ್ನುವ ಸುದ್ದಿ ಅವರಿಗೆ ಶುಕ್ರವಾರ ಬೆಳಿಗ್ಗೆಯೇ ಸಿಕ್ಕರೆ ಬಸ್ ಟಿಕೆಟ್ ರದ್ದು ಮಾಡಿ ಸ್ವಲ್ಪವಾದರೂ ಹಣ ಉಳಿಸಿಕೊಳ್ಳುತ್ತಾರೆ. ಹೆಬ್ರಿಯೋ ಶಿರಾಡಿಯೋ ದಾಟಿದ ಮೇಲೆ ಸಿಕ್ಕರೆ ಬೈಗುಳ ನಿಮಗೆ. "ಶನಿವಾರ ಬೆಳಿಗ್ಗೆ ಆಕಾಶ ನೋಡಿ ಹೇಳೋಣ" ಅನ್ನುವವರು ಸಮಿತಿಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಮಾತು ಕೇಳಬೇಡಿ.

ಆದರೆ ಬರೆಯಲು ಕೂರುವ ಮುಂಚೆ ಡಿಸೆಂಬರ್ 12 ನಿಜವಾಗಿ ನಿಮ್ಮ ಕೈಯಲ್ಲಿದೆಯಾ ನೋಡಿಕೊಳ್ಳಿ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಮೇ ತಿಂಗಳ ಪತ್ತನಾಜೆವರೆಗೆ ಕಲಾವಿದರ ರಾತ್ರಿಗಳು ಖಾಲಿ ಇರುವುದು ಕಡಿಮೆ. ಮೇಳದ ಮ್ಯಾನೇಜರ್ ಹೂಂ ಅಂದರೆ ಅತಿಥಿ ಕಲಾವಿದರೂ ಹೂಂ ಅಂದ ಹಾಗಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ. ಮೈದಾನಕ್ಕೆ ಶಾಲೆಯವರ ಒಪ್ಪಿಗೆ ಪತ್ರವನ್ನು ಹೊಸ ದಿನಾಂಕ ಹಾಕಿಸಿ ತೆಗೆದುಕೊಳ್ಳಿ. ಪೊಲೀಸ್ ಠಾಣೆಯ ಧ್ವನಿವರ್ಧಕ ಅನುಮತಿಯೂ ಅಷ್ಟೇ. ಅದು 14ನೇ ತಾರೀಕಿಗೆ ಕೊಟ್ಟಿದ್ದು, ತಾನಾಗಿ 12ಕ್ಕೆ ಬರುವುದಿಲ್ಲ. ಮತ್ತೆ ಅರ್ಜಿ ಹಾಕಬೇಕು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವ ನಿಯಮ ಹೇಗೂ ಇದೆ. ಹಾಗಾಗಿ ಆಟ ಶುರುವಾಗುವ ಹೊತ್ತನ್ನೂ ಈಗಲೇ ತೀರ್ಮಾನಿಸಿಕೊಳ್ಳಿ, ಆಮೇಲೆ ಅದನ್ನೂ ಬದಲಿಸುವ ಹಾಗಾಗಬಾರದು.

ಇದರಲ್ಲಿ ಒಂದು ಬಾಕಿ ಉಳಿದರೂ ಹೊಸ ದಿನಾಂಕ ಹಾಕಬೇಡಿ. "ಹೊಸ ದಿನಾಂಕವನ್ನು ನವೆಂಬರ್ 18ರ ಬುಧವಾರ ಸಂಜೆಯೊಳಗೆ ತಿಳಿಸುತ್ತೇವೆ" ಅಂತ ಬರೆದರೆ ಜನ ಸುಮ್ಮನೆ ಕಾಯುತ್ತಾರೆ. ಹೇಳಿದ ದಿನಾಂಕವನ್ನು ಎರಡನೇ ಸಲ ಬದಲಿಸಿದರೆ ಮಾತ್ರ ಮೂರನೇ ದಿನಾಂಕವನ್ನು ಯಾರೂ ನಂಬುವುದಿಲ್ಲ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ 2021ರಲ್ಲೇ ಆಗಬೇಕಿತ್ತು. ಕೋವಿಡ್‌ನಿಂದ ಶುರುವಾಗಿ ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹೋಗುತ್ತಾ ಕೊನೆಗೆ ನಡೆದದ್ದು 2023ರ ಜನವರಿ 6ರಿಂದ 8ರವರೆಗೆ. ಪರಿಷತ್ತಿನಂಥ ಸಂಸ್ಥೆ ಅದನ್ನು ತಾಳಿಕೊಳ್ಳುತ್ತದೆ. 300 ರೂಪಾಯಿ ಟಿಕೆಟ್ ಇಟ್ಟ ಊರಿನ ಮಂಡಲಕ್ಕೆ ಅದು ಕಷ್ಟ.

ಈಗ ಕಾರಣದ ವಿಷಯ. "ಅನಿವಾರ್ಯ ಕಾರಣಗಳಿಂದ ಮುಂದೂಡಲಾಗಿದೆ" ಅನ್ನುವ ಸಾಲು ನಮ್ಮ ಪ್ರಕಟಣೆಗಳಿಗೆ ಅಂಟಿಕೊಂಡಿದೆ. ಇಡೀ ಪ್ರಕಟಣೆ ಹಾಳಾಗಲು ಅದೊಂದೇ ಸಾಕು. ಓದಿದವರು ಕಾರಣವನ್ನು ತಾವೇ ಹುಡುಕಿಕೊಳ್ಳುತ್ತಾರೆ: ಟಿಕೆಟ್ ಹೋಗಿಲ್ಲವಂತೆ, ಕಲಾವಿದರ ಜೊತೆ ದುಡ್ಡಿನ ಜಗಳವಂತೆ, ಸಮಿತಿಯಲ್ಲೇ ಒಡಕಂತೆ. ನಿಮಗೆ ಮಳೆಯಂಥ ನೇರ ಕಾರಣ ಇರುವಾಗ ಅದನ್ನೇ ಯಾಕೆ ಹೇಳಬಾರದು?

ಹೇಳುವಾಗ ಒಂದು ಎಚ್ಚರ ಬೇಕು. ಆರೆಂಜ್ ಅಲರ್ಟ್ ಅಂದರೆ ಹವಾಮಾನ ಇಲಾಖೆ "ಸಿದ್ಧರಾಗಿರಿ" ಅಂತ ಕೊಡುವ ಎಚ್ಚರಿಕೆ. ಅದು ಕಾರ್ಯಕ್ರಮ ನಿಲ್ಲಿಸಿ ಅನ್ನುವ ಆದೇಶ ಅಲ್ಲ. ಹಾಗಾಗಿ "ಸರ್ಕಾರದ ಆದೇಶದಂತೆ" ಅಂತ ಬರೆಯಬೇಡಿ. ಆ ಶನಿವಾರವೇ ಪಕ್ಕದ ಊರಿನಲ್ಲಿ ಹಾಲ್ ಒಳಗೆ ಮದುವೆ ನಡೆದರೆ ನಿಮ್ಮ ಮಾತು ಸುಳ್ಳಾಗುತ್ತದೆ. ನಿಮ್ಮ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ: ಮೈದಾನದಲ್ಲಿ ನೀರು ನಿಂತಿದೆ, ರಂಗಸ್ಥಳಕ್ಕೆ ಎಳೆಯುವ ವಿದ್ಯುತ್ ಕೇಬಲ್ ನೆಲದ ಮೇಲೇ ಹೋಗಬೇಕು, ಕುರ್ಚಿ ಹಾಕಿದರೆ ಹೂತುಹೋಗುತ್ತದೆ, ಶನಿವಾರವೂ ಮಳೆ ಎಚ್ಚರಿಕೆ ಇದೆ, ಆದ್ದರಿಂದ ಸಮಿತಿಯೇ ಈ ನಿರ್ಧಾರ ಮಾಡಿದೆ. ನೀರು ನಿಂತ ಮೈದಾನದ ಒಂದು ಫೋಟೋ ಜೊತೆಗಿದ್ದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಭಾಗವತರ ಗಂಟಲಿನ ವಿಚಾರವನ್ನು ಬೇರೆಯಾಗಿ ನೋಡಬೇಕು. 14ರ ಆಟ ನಿಂತದ್ದು ಮಳೆಯಿಂದ. ಆದ್ದರಿಂದ ಅವರ ಆರೋಗ್ಯವನ್ನು ಮುಂದೂಡಿಕೆಗೆ ಕಾರಣ ಅಂತ ಬರೆಯುವುದು ತಪ್ಪು. ಕಾಯಿಲೆ ಏನು ಎನ್ನುವುದು ಅವರ ಖಾಸಗಿ ವಿಷಯ, ಅವರ ಒಪ್ಪಿಗೆ ಇಲ್ಲದೆ ಬರೆಯುವಂತೆಯೂ ಇಲ್ಲ. ಹಾಡುವುದನ್ನೇ ನಂಬಿದವರಿಗೆ "ಗಂಟಲು ಹೋಗಿದೆಯಂತೆ" ಅನ್ನುವ ಮಾತು ಎಷ್ಟು ನಷ್ಟ ಮಾಡುತ್ತದೆ ಅನ್ನುವುದು ನಿಮಗೂ ಗೊತ್ತಿರುತ್ತದೆ.

ಹಾಗಂತ ಮುಚ್ಚಿಡುವುದೂ ಸರಿಯಲ್ಲ. ನಿಮ್ಮ 380 ಜನರಲ್ಲಿ ಎಷ್ಟೋ ಮಂದಿ ಆ ಭಾಗವತರ ಪದ್ಯ ಕೇಳಲೆಂದೇ ಟಿಕೆಟ್ ತೆಗೆದುಕೊಂಡಿರುತ್ತಾರೆ. ನಾಟಕದಲ್ಲಿ ಪೋಷಕ ನಟ ಬದಲಾದಂತಲ್ಲ ಇದು. ಆಟದ ದಿನ ಹಿಮ್ಮೇಳದಲ್ಲಿ ಬೇರೆಯವರು ಕೂತಿದ್ದರೆ "ನಮಗೆ ಮೊದಲೇ ಹೇಳಿದ್ದರೆ ಹಣ ವಾಪಸ್ ತಗೊಳ್ತಿದ್ವಿ" ಅನ್ನುತ್ತಾರೆ, ಆ ಮಾತು ನ್ಯಾಯವಾದದ್ದೇ. ಆದ್ದರಿಂದ ಕಾರಣ ಹೇಳದೆ ಸಂಗತಿಯನ್ನು ಮಾತ್ರ ಹೇಳಿ: ಭಾಗವತರ ಭಾಗವಹಿಸುವಿಕೆ ಇನ್ನೂ ಖಚಿತವಾಗಿಲ್ಲ, ಇಂಥ ದಿನದೊಳಗೆ ತಿಳಿಸುತ್ತೇವೆ. ಆ ದಿನ ಹಣ ವಾಪಸ್ ಕೇಳುವ ಕೊನೇ ದಿನಕ್ಕಿಂತ ಮುಂಚೆ ಇರಬೇಕು. ನಿಮ್ಮ ಲೆಕ್ಕಕ್ಕೆ ಕಲಾವಿದರ ಪಟ್ಟಿ ನವೆಂಬರ್ 25ರ ಬುಧವಾರ, ಹಣ ವಾಪಸ್ ಕೇಳಲು ಕೊನೇ ದಿನ 30ರ ಸೋಮವಾರ ಅಂತ ಇಟ್ಟುಕೊಳ್ಳಿ. ಮಧ್ಯೆ ಒಂದು ವಾರಾಂತ್ಯ ಸಿಗುತ್ತದೆ, ಮನೆಯಲ್ಲಿ ಮಾತಾಡಿಕೊಂಡು ಜನ ತೀರ್ಮಾನ ಮಾಡುತ್ತಾರೆ.

ಇನ್ನು ಹಣ. ಒಟ್ಟು ಬಂದದ್ದು 1,14,000 ರೂಪಾಯಿ. ಮುಂಗಡ ಹೋಗಿ ಕೈಯಲ್ಲಿರುವುದು 54,000. ಮೂರರಲ್ಲಿ ಒಂದು ಭಾಗ ಜನ, ಅಂದರೆ ಸುಮಾರು 127 ಟಿಕೆಟ್‌ನವರು ವಾಪಸ್ ಕೇಳಿದರೆ 38,100 ಬೇಕು, ತೊಂದರೆಯಿಲ್ಲ. ಅರ್ಧ ಜನ ಕೇಳಿದರೆ 57,000 ಬೇಕು, 3,000 ಕಡಿಮೆ ಬೀಳುತ್ತದೆ. ಎಷ್ಟು ಜನ ಕೇಳುತ್ತಾರೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಅದಕ್ಕೇ ಪ್ರಕಟಣೆ ಹೊರಡುವ ಮುಂಚೆ ಹತ್ತು ಹದಿನೈದು ಸಾವಿರ ಯಾರಿಂದ ಕೈಗಡ ಸಿಗುತ್ತದೆ ಎಂದು ಸಮಿತಿಯಲ್ಲಿ ತೀರ್ಮಾನವಾಗಿರಲಿ. ವಾಪಸ್ ಬಂದ ಸೀಟನ್ನು ಮತ್ತೆ ಮಾರಿದರೆ ಆ ಹಣ ತಿರುಗಿ ಬರುತ್ತದೆ. ಆದರೆ "ಸೀಟು ಮಾರಿದ ಮೇಲೆ ನಿಮ್ಮ ಹಣ ಕೊಡುತ್ತೇವೆ" ಅನ್ನಬೇಡಿ. ಸೀಟು ಮಾರುವುದು ನಿಮ್ಮ ತಲೆನೋವು, ಟಿಕೆಟ್ ತೆಗೆದುಕೊಂಡವರದ್ದಲ್ಲ.

ವಾಪಸ್ ಕೊಡುವುದಾದರೆ ಪೂರ್ತಿ 300 ಕೊಡಿ. ಆನ್‌ಲೈನ್ ಗೇಟ್‌ವೇಯವರು ಮುರಿದುಕೊಂಡ ಕಮಿಷನ್ ಸಾಮಾನ್ಯವಾಗಿ ನಿಮಗೆ ತಿರುಗಿ ಬರುವುದಿಲ್ಲ. ಶೇ. 2 ಕಮಿಷನ್, ಅದರ ಮೇಲೆ ಶೇ. 18 ಜಿಎಸ್‌ಟಿ ಅಂತಿದ್ದರೆ ಒಂದು ಟಿಕೆಟ್‌ಗೆ 7 ರೂಪಾಯಿ 8 ಪೈಸೆ. ನೂರು ಜನರಿಗೆ ಕೊಟ್ಟರೂ 708 ರೂಪಾಯಿ. ಇಷ್ಟಕ್ಕೋಸ್ಕರ 293 ರೂಪಾಯಿ ಕೊಟ್ಟು ಊರ ಬಾಯಿಗೆ ಬೀಳುವುದು ಜಾಣತನ ಅಲ್ಲ.

ಆನ್‌ಲೈನ್‌ನಲ್ಲಿ ತೆಗೆದುಕೊಂಡವರದ್ದು ಸುಲಭದ ಕೆಲಸ. ಗೇಟ್‌ವೇ ಖಾತೆ ತೆರೆದು ಆಯಾ ಪಾವತಿಯ ಎದುರಿರುವ ರಿಫಂಡ್ ಆಯ್ಕೆ ಒತ್ತಿದರೆ ಬಂದ ಖಾತೆಗೇ ಹಣ ಹೋಗುತ್ತದೆ, ಕೆಲವು ಕೆಲಸದ ದಿನ ಹಿಡಿಯುತ್ತದೆ. ಇಲ್ಲಿ ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ. ಗೇಟ್‌ವೇಯಲ್ಲಿದ್ದ ಹಣ ಆಗಲೇ ಮಂಡಲದ ಬ್ಯಾಂಕ್ ಖಾತೆಗೆ ಬಂದು ಶಾಮಿಯಾನದವರಿಗೆ ಮುಂಗಡವಾಗಿ ಹೋಗಿರುತ್ತದೆ, ಗೇಟ್‌ವೇಯಲ್ಲಿ ಬಾಕಿ ಸೊನ್ನೆ ಇರುತ್ತದೆ. ಆಗ ರಿಫಂಡ್ ಹೊರಡುವುದೇ ಇಲ್ಲ. ಮೊದಲು ಅಲ್ಲಿಗೆ ಹಣ ತುಂಬುವ ದಾರಿ ನೋಡಿಕೊಂಡು ಆಮೇಲೆ ಬಟನ್ ಒತ್ತಿ.

ಖಜಾಂಚಿ ಫೋನಿಗೆ ಬಂದದ್ದು ಜಾಸ್ತಿ ತಲೆಬಿಸಿ ಕೊಡುತ್ತದೆ. ಅದು ಅವರ ಸ್ವಂತ ಖಾತೆಯ ಕ್ಯೂಆರ್ ಆಗಿದ್ದರೆ ರಿಫಂಡ್ ಬಟನ್ ಇರುವುದಿಲ್ಲ. ಒಬ್ಬೊಬ್ಬರಿಗೂ ಹೊಸದಾಗಿ ಹಣ ಕಳಿಸಬೇಕು. ಯುಪಿಐನಲ್ಲಿ ಒಂದು ಖಾತೆಯಿಂದ ದಿನಕ್ಕೆ ಇಷ್ಟೇ ಸಲ ಕಳಿಸಬಹುದು ಅನ್ನುವ ಮಿತಿ ಇದೆ, ಎಷ್ಟೋ ಬ್ಯಾಂಕ್‌ಗಳಲ್ಲಿ ಅದು 20. ಅರವತ್ತು ಜನ ಕೇಳಿದರೆ ಮೂರು ದಿನವಾಯಿತು. ಅದಕ್ಕೇ ಪ್ರಕಟಣೆಯಲ್ಲಿ "ತಕ್ಷಣ" ಅಂತ ಬರೆಯದೆ "ಕೋರಿಕೆ ಬಂದು 7 ಕೆಲಸದ ದಿನದೊಳಗೆ" ಅಂತ ಬರೆಯಿರಿ. ಮೂರೇ ದಿನದಲ್ಲಿ ಕೊಟ್ಟರೆ ಎಲ್ಲರಿಗೂ ಸಂತೋಷ.

ಯಾರು ಕಟ್ಟಿದ್ದು ಎಂದು ಗುರುತಿಸುವುದು ಹೇಗೆ? ಪ್ರತಿ ಯುಪಿಐ ಪಾವತಿಗೆ 12 ಅಂಕಿಯ ಯುಟಿಆರ್ ನಂಬರ್ ಇರುತ್ತದೆ. ಕಟ್ಟಿದವರ ಫೋನಿನಲ್ಲಿ ಆ ಪಾವತಿಯನ್ನು ತೆರೆದರೆ ಕಾಣುತ್ತದೆ, ಖಜಾಂಚಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಅದೇ ನಂಬರ್ ಇರುತ್ತದೆ. ಎರಡೂ ಹೊಂದಿದರೆ ಮಾತ್ರ ಹಣ ಕಳಿಸಿ. ಸ್ಕ್ರೀನ್‌ಶಾಟ್ ಒಂದನ್ನೇ ನೋಡಿ ಕೊಡಬೇಡಿ, ಅದನ್ನು ತಿದ್ದುವುದು ಈಗ ಮಕ್ಕಳಿಗೂ ಬರುತ್ತದೆ.

ಒಂದು ಸಾಲು ಉದಾಹರಣೆಗೆ ನೋಡೋಣ. ಸ್ಟೇಟ್‌ಮೆಂಟಿನಲ್ಲಿ ಒಬ್ಬರಿಂದ 1,500 ರೂಪಾಯಿ ಬಂದಿದೆ, ಐದು ಟಿಕೆಟ್‌ಗೆ. ಈಗ ಆ ಗುಂಪಿನ ಇಬ್ಬರು ಬೇರೆ ಬೇರೆಯಾಗಿ ಫೋನ್ ಮಾಡಿ "ನಮ್ಮ 300 ನಮ್ಮ ನಂಬರಿಗೆ ಹಾಕಿ" ಅನ್ನುತ್ತಾರೆ. ಹಾಕಿದಿರಿ. ನಾಲ್ಕು ದಿನ ಕಳೆದು ಹಣ ಕಟ್ಟಿದ್ದವರು ತಾವೇ ಫೋನ್ ಮಾಡಿ ಐದಕ್ಕೂ ವಾಪಸ್ ಕೇಳುತ್ತಾರೆ. ಈಗ ನೀವು ಗೆಳೆಯರ ಮಧ್ಯೆ ಪಂಚಾಯಿತಿಗೆ ಕೂರಬೇಕು. ಹಣ ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಹೋಗುತ್ತದೆ ಅಂತ ಮೊದಲೇ ಬರೆದುಬಿಟ್ಟರೆ ಈ ಗೋಜು ಇರುವುದಿಲ್ಲ. ಇಬ್ಬರು ಬರುವುದಿಲ್ಲವಾ? 600 ರೂಪಾಯಿ ಕಟ್ಟಿದವರಿಗೇ ಹೋಗಲಿ, ಅವರು ಹಂಚಿಕೊಳ್ಳುತ್ತಾರೆ. ಕಳಿಸುವ ಮುಂಚೆ ಪರದೆ ಮೇಲೆ ಬರುವ ಹೆಸರನ್ನು ಖಜಾಂಚಿ ಒಮ್ಮೆ ಓದಿ ನೋಡಬೇಕು. ತಪ್ಪು ನಂಬರಿಗೆ ಹೋದ ಹಣವನ್ನು ವಾಪಸ್ ಪಡೆಯುವುದು ಇನ್ನೊಂದು ರಾಮಾಯಣ.

ಅಂಗಡಿಯಲ್ಲಿ ನಗದು ಕೊಟ್ಟವರು ಅದೇ ಅಂಗಡಿಯಲ್ಲಿ ನಗದು ಪಡೆಯಲಿ. ಅಂಗಡಿಯವರು ತಮ್ಮ ಗಲ್ಲಾಪೆಟ್ಟಿಗೆಯಿಂದ ಕೊಡಲಿ ಅಂತ ಬಿಡಬೇಡಿ. ಪ್ರತಿ ಅಂಗಡಿಗೆ ಮೂರು ನಾಲ್ಕು ಸಾವಿರ ಮೊದಲೇ ಕೊಟ್ಟಿಡಿ, ಚಿಲ್ಲರೆ ನೂರರ ನೋಟುಗಳಲ್ಲಿ. ಕಾಗದದ ಟಿಕೆಟ್ ಕೈಗೆ ಬಂದ ಮೇಲೆಯೇ ಹಣ. ಟಿಕೆಟ್ಟಿನ ಮೂಲೆ ಕತ್ತರಿಸಿ ಪುಸ್ತಕದಲ್ಲಿ ಉಳಿದಿರುವ ಅರ್ಧಕ್ಕೆ ಪಿನ್ ಹೊಡೆದು, ಅಲ್ಲೇ ತಾರೀಕು ಬರೆದು ಸಹಿ ಹಾಕಿಸಿಕೊಳ್ಳಬೇಕು. ಇದನ್ನು ಅಂಗಡಿಯವರ ಎದುರು ಒಮ್ಮೆ ಮಾಡಿ ತೋರಿಸಿ, ಬಾಯಲ್ಲಿ ಹೇಳಿದರೆ ನೆನಪಿರುವುದಿಲ್ಲ. ಬೆಂಗಳೂರಿನಲ್ಲಿರುವವರು ಟಿಕೆಟ್ ಫೋಟೋ ಕಳಿಸಿ ಹಣ ಕೇಳಿದರೆ ಕೊಡಬಹುದು, ಆದರೆ ಆ ಟಿಕೆಟ್ ನಂಬರನ್ನು ಗೇಟಿನವರ ಪಟ್ಟಿಯಲ್ಲಿ ಅದೇ ದಿನ ಹೊಡೆದುಹಾಕಿ. ಇಲ್ಲದಿದ್ದರೆ ಹಣ ವಾಪಸ್ ಹೋದ ಟಿಕೆಟ್ ಡಿಸೆಂಬರ್ 12ರ ಸಂಜೆ ಯಾರದೋ ತಮ್ಮನ ಕೈಯಲ್ಲಿ ಗೇಟಿಗೆ ಬರುತ್ತದೆ. ಅದೇ ಸೀಟನ್ನು ನೀವು ಇನ್ನೊಬ್ಬರಿಗೆ ಮಾರಿರುತ್ತೀರಿ.

ಪ್ರಕಟಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಯಾವುದು ಅಂತ ಕೇಳಿದರೆ ನಾನು ಹೇಳುವುದು ಇದು: ಬರುವವರು ಏನೂ ಮಾಡಬೇಕಿಲ್ಲ, ಹಳೇ ಟಿಕೆಟ್ಟೇ ನಡೆಯುತ್ತದೆ. ಬಹಳ ಸಮಿತಿಗಳು ಇದನ್ನು ಬರೆಯಲು ಮರೆಯುತ್ತವೆ. ಆಮೇಲೆ "ಹೊಸ ಟಿಕೆಟ್ ಯಾವಾಗ ಕೊಡ್ತೀರಿ?" ಅನ್ನುವ ಫೋನ್‌ಗಳೇ ದಿನವಿಡೀ ಬರುತ್ತವೆ. "ನಾಳೆ", "ಬರುವ ಶನಿವಾರ" ಅನ್ನುವ ಮಾತುಗಳೂ ಬೇಡ. ಸಂದೇಶ ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಐದು ದಿನ ಕಳೆದು ಓದಿದವರಿಗೆ ಯಾವ ಶನಿವಾರ ಅಂತ ಹೇಗೆ ತಿಳಿಯಬೇಕು? ತಾರೀಕು, ವಾರ, ವರ್ಷ ಮೂರೂ ಇರಲಿ. ಹಳೇ ದಿನಾಂಕವೂ ಇರಲಿ.

ನಿಮಗೆ ಹೊಂದುವ ಹಾಗೆ ಒಂದು ಮಾದರಿ ಬರೆದಿದ್ದೇನೆ:

> ಯಕ್ಷಗಾನ ಮುಂದೂಡಿಕೆ – ಹೊಸ ದಿನಾಂಕ: ಡಿಸೆಂಬರ್ 12, 2026, ಶನಿವಾರ
>
> ನವೆಂಬರ್ 14, 2026ರ ಶನಿವಾರ ನಡೆಯಬೇಕಿದ್ದ ನಮ್ಮ ಯಕ್ಷಗಾನ ಅಂದು ನಡೆಯುವುದಿಲ್ಲ. ಅದೇ ಶಾಲಾ ಮೈದಾನದಲ್ಲಿ ಡಿಸೆಂಬರ್ 12ರ ಶನಿವಾರ ಸಂಜೆ 6 ಗಂಟೆಗೆ ನಡೆಯುತ್ತದೆ.
>
> ಮಳೆಯಿಂದ ಮೈದಾನದಲ್ಲಿ ನೀರು ನಿಂತಿದೆ. ಶನಿವಾರವೂ ಆರೆಂಜ್ ಅಲರ್ಟ್ ಇದೆ. ಒದ್ದೆ ನೆಲದ ಮೇಲೆ ವಿದ್ಯುತ್ ಕೇಬಲ್ ಎಳೆಯುವುದು ಪ್ರೇಕ್ಷಕರಿಗೂ ಕಲಾವಿದರಿಗೂ ಅಪಾಯ. ಅದಕ್ಕಾಗಿ ಸಮಿತಿ ಈ ನಿರ್ಧಾರ ಮಾಡಿದೆ.
>
> ಡಿಸೆಂಬರ್ 12ಕ್ಕೆ ಬರುವವರು ಏನೂ ಮಾಡಬೇಕಿಲ್ಲ. ನಿಮ್ಮ ಹತ್ತಿರ ಇರುವ ಟಿಕೆಟ್, ಅದೇ ಸೀಟ್ ನಂಬರ್ ನಡೆಯುತ್ತದೆ.
>
> ಭಾಗವತರ ಭಾಗವಹಿಸುವಿಕೆ ಇನ್ನೂ ಖಚಿತವಾಗಬೇಕಿದೆ. ಅಂತಿಮ ಕಲಾವಿದರ ಪಟ್ಟಿಯನ್ನು ನವೆಂಬರ್ 25ರ ಬುಧವಾರ ತಿಳಿಸುತ್ತೇವೆ.
>
> ಬರಲು ಆಗದವರು ನವೆಂಬರ್ 30ರ ಸೋಮವಾರದೊಳಗೆ ಹಣ ವಾಪಸ್ ಕೇಳಬಹುದು. ಪೂರ್ತಿ 300 ರೂಪಾಯಿ ಕೊಡುತ್ತೇವೆ. ಅಂಗಡಿಯಲ್ಲಿ ಕೊಂಡವರು ಟಿಕೆಟ್ ತೆಗೆದುಕೊಂಡು ಅದೇ ಅಂಗಡಿಗೆ ಹೋಗಿ, ಅಲ್ಲೇ ನಗದು ಸಿಗುತ್ತದೆ. ಆನ್‌ಲೈನ್ ಅಥವಾ ಯುಪಿಐ ಮೂಲಕ ಕಟ್ಟಿದವರು ಹೆಸರು, ಟಿಕೆಟ್ ನಂಬರ್, ಪಾವತಿಯ ಯುಟಿಆರ್ ನಂಬರ್ ಈ ಕೆಳಗಿನ ಫೋನಿಗೆ ಕಳಿಸಿ. 7 ಕೆಲಸದ ದಿನದೊಳಗೆ, ಹಣ ಬಂದ ಖಾತೆಗೇ ಕಳಿಸುತ್ತೇವೆ.
>
> ಹಣ ಪಡೆಯಲು ಪಿನ್ ಹಾಕಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ನಾವು ಒಟಿಪಿ ಕೇಳುವುದಿಲ್ಲ.
>
> ತೊಂದರೆಗೆ ಕ್ಷಮೆ ಇರಲಿ.
> – ಕಾರ್ಯದರ್ಶಿ (ಹೆಸರು, ಎರಡು ಫೋನ್ ನಂಬರ್)

ಪಿನ್, ಒಟಿಪಿ ಸಾಲನ್ನು ತೆಗೆಯಬೇಡಿ. "ಟಿಕೆಟ್ ಹಣ ವಾಪಸ್" ಅನ್ನುವ ಸಂದೇಶ ಊರೆಲ್ಲಾ ಓಡಾಡಿದ ಕೂಡಲೇ ಅದೇ ಹೆಸರಿನಲ್ಲಿ ಫೋನ್ ಮಾಡಿ ಮೋಸ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಯಾರಾದರೂ ಹಾಗೆ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಲು ಹೇಳಿ.

ಇದನ್ನು ಕಳಿಸುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಮೊದಲು ಕಲಾವಿದರಿಗೆ, ಪ್ರಾಯೋಜಕರಿಗೆ, ಟಿಕೆಟ್ ಮಾರಿದ ಅಂಗಡಿಗಳಿಗೆ ತಿಳಿಸಿ. ಅಂಗಡಿಯವರಿಗೆ ಗಿರಾಕಿಯಿಂದ ಸುದ್ದಿ ಗೊತ್ತಾಗುವ ಹಾಗೆ ಆಗಬಾರದು. ಆಮೇಲೆ ದೂರದಿಂದ ಬರುವವರಿಗೆ ಫೋನ್, ಆಮೇಲೆ ಎಲ್ಲರಿಗೂ ಸಂದೇಶ. ಹೊಸ ಪೋಸ್ಟರ್ ಮಾಡುವ ಬದಲು ಹಳೇ ಪೋಸ್ಟರ್ ಮೇಲೇ ಅಡ್ಡವಾಗಿ ಕೆಂಪು ಪಟ್ಟಿ ಹಾಕಿ "ಮುಂದೂಡಲಾಗಿದೆ – ಡಿ. 12, ಶನಿವಾರ" ಅಂತ ಬರೆಸಿ. ಜನರ ಕಣ್ಣಿಗೆ ಹಳೇ ಚಿತ್ರ ಪರಿಚಯ ಇರುತ್ತದೆ, ಅದೇ ಆಟ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ದೇವಸ್ಥಾನದ ಬಳಿ ಅಂಟಿಸಿದ ಪೋಸ್ಟರ್‌ಗಳಿಗೂ ಹೋಗಿ ಆ ಪಟ್ಟಿ ಅಂಟಿಸಿ ಬನ್ನಿ. ಫೋನ್ ಜಾಸ್ತಿ ನೋಡದ ಹಿರಿಯರಿಗೆ ಶುಕ್ರವಾರ ಬೆಳಿಗ್ಗೆ ರಿಕ್ಷಾದಲ್ಲಿ ಮೈಕ್ ಕಟ್ಟಿ ಒಂದು ಸುತ್ತು ಹೊಡೆಸಿದರೆ ಸಾಕು.

ಇಷ್ಟೆಲ್ಲಾ ಮಾಡಿದರೂ 14ರ ಸಂಜೆ ಕೆಲವರು ಮೈದಾನಕ್ಕೆ ಬಂದೇ ಬರುತ್ತಾರೆ. ಐದೂವರೆಯಿಂದ ಏಳೂವರೆವರೆಗೆ ಗೇಟಿನಲ್ಲಿ ಬೋರ್ಡ್ ಹಿಡಿದು ಇಬ್ಬರು ನಿಂತಿರಲಿ. ಅವರ ಹತ್ತಿರ ಈ ಪ್ರಕಟಣೆಯ ಪ್ರತಿಗಳೂ ಸ್ವಲ್ಪ ನಗದೂ ಇರಲಿ. ದೂರದಿಂದ ಬಂದು ಸಿಟ್ಟಾದವರಿಗೆ ಅಲ್ಲೇ ಟಿಕೆಟ್ ತೆಗೆದುಕೊಂಡು 300 ಕೊಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ.

30ನೇ ತಾರೀಕು ಕಳೆದ ಮೇಲೆ ಕೇಳುವವರ ವಿಚಾರ ಉಳಿಯಿತು. ಮನೆಯಲ್ಲಿ ಸಾವು, ಆಸ್ಪತ್ರೆ ಅಂಥದ್ದಿದ್ದರೆ ಲೆಕ್ಕ ನೋಡದೆ ಕೊಡಿ. ಉಳಿದವರಿಗೆ ಆ ಸೀಟು ಇನ್ನೊಬ್ಬರಿಗೆ ಹೋದರೆ ಕೊಡುತ್ತೇವೆ ಅನ್ನಬಹುದು, ತಾರೀಕು ಮೊದಲೇ ಹೇಳಿರುವುದರಿಂದ ಅದು ಅನ್ಯಾಯ ಆಗುವುದಿಲ್ಲ. ಆದರೆ 25ಕ್ಕೆ ಕೊಡಬೇಕಿದ್ದ ಕಲಾವಿದರ ಪಟ್ಟಿಯನ್ನು ನೀವೇ ತಡ ಮಾಡಿದರೆ, ಅಷ್ಟೇ ದಿನ ಹಣ ವಾಪಸ್ ಕೇಳುವ ಗಡುವನ್ನೂ ಮುಂದೆ ಹಾಕಬೇಕು. ಡಿಸೆಂಬರ್ 12ಕ್ಕೂ ಮಳೆ ಬಂದರೆ ಏನು ಮಾಡುವುದು ಅಂತ ಈಗಲೇ ಯೋಚಿಸಿ. ಹತ್ತಿರದ ಸಭಾಭವನವನ್ನು ಆ ದಿನಕ್ಕೆ ಹಿಡಿದಿಡಲು ಎಷ್ಟು ಕೇಳುತ್ತಾರೆ ಅಂತ ನಾಳೆಯೇ ವಿಚಾರಿಸಿ. ಆ ಬಾಡಿಗೆ ನಿಮ್ಮ ಕೈಗೆ ಎಟುಕುವ ಹಾಗಿದ್ದರೆ ಮಾದರಿಯಲ್ಲಿ ಇನ್ನೊಂದು ಸಾಲು ಸೇರಿಸಿ: "ಅಂದು ಮಳೆ ಬಂದರೆ ಆಟ ಸಭಾಭವನದಲ್ಲಿ ನಡೆಯುತ್ತದೆ."